ಕುದಿಸಿದರೂ ಹೋಗದ ಸೋಡಾ: ಗದಗಿನ ಹಾಸ್ಟೆಲಿನಲ್ಲಿ ಕಾಫಿ, ಮೂರನೆಯ ವಾರ

ಹತ್ತೊಂಬತ್ತು ದಿನಗಳ ನಂತರ ಈ ದಿನ ಬೆಳಿಗ್ಗೆ ಗದಗಿನ ಈ ಹಾಸ್ಟೆಲ್ ಕೋಣೆಯಲ್ಲಿ ಮೊದಲ ಬಾರಿಗೆ ಧಾರವಾಡದ ನನ್ನ ಮನೆಯ ರುಚಿಗೆ ಸಮನಾದ ಕಾಫಿ ಕುಡಿದೆ. ಸಲಕರಣೆಗಳ ವಿಷಯವನ್ನು ಬೇಗ ಮುಗಿಸುತ್ತೇನೆ, ಏಕೆಂದರೆ ಅವು ಒಂದು ಬಾರಿಯೂ ಕೈಕೊಡಲಿಲ್ಲ. ಕೈಯಿಂದ ತಿರುಗಿಸುವ ಗ್ರೈಂಡರ್, ಪ್ಲಾಸ್ಟಿಕ್ ಕೋನ್, ಕಾಗದದ ಫಿಲ್ಟರುಗಳು, 0.1 ಗ್ರಾಂ ತೋರಿಸುವ ಪುಟ್ಟ ತೂಕದ ಯಂತ್ರ ಮತ್ತು ಹಾಸ್ಟೆಲಿನವರು ಇಡಲು ಒಪ್ಪಿದ ಒಂದು ವಿದ್ಯುತ್ ಕೆಟಲ್ ನನ್ನ ಬಳಿ ಇವೆ. ಚಿಕ್ಕಮಗಳೂರಿನ ಅರೇಬಿಕಾ ಬೀಜವನ್ನು ಮಧ್ಯಮ ಹದದಲ್ಲಿ ಹುರಿಸಿ ತರಿಸುತ್ತೇನೆ. 15 ಗ್ರಾಂ ಪುಡಿಗೆ 240 ಮಿ.ಲೀ. ನೀರು ಹಾಕಿದರೆ ಸುಮಾರು ಮೂರು ನಿಮಿಷದಲ್ಲಿ ಇಳಿಯುತ್ತದೆ. ಹಾಲು, ಸಕ್ಕರೆ, ಚಿಕೋರಿ ಯಾವುದನ್ನೂ ನಾನು ಬೆರೆಸುವುದಿಲ್ಲ. ಹಾಲು ಬೆರೆಸುವವರಿಗೆ ಮುಂದೆ ಹೇಳುವ ತೊಂದರೆ ಬಹುಮಟ್ಟಿಗೆ ಕಾಣಿಸದೆ ಹೋಗಬಹುದು.

ಇದೇ ಬೀಜ, ಇದೇ ಅಳತೆ, ಇದೇ ಗ್ರೈಂಡರಿನಿಂದ ಧಾರವಾಡದಲ್ಲಿ ಕಿತ್ತಳೆಯ ಹುಳಿಯನ್ನು ನೆನಪಿಸುವ, ನಾಲಿಗೆಗೆ ಹಗುರವಾದ ಕಾಫಿ ಇಳಿಯುತ್ತಿತ್ತು. ಇಲ್ಲಿ ಇಳಿದದ್ದು ಕಪ್ಪಗಿತ್ತು, ದಪ್ಪಗಿತ್ತು, ಆದರೆ ಹುಳಿಯ ಸುಳಿವೇ ಇರಲಿಲ್ಲ. ಕುಡಿದ ಮೇಲೆ ಸೀಮೆಸುಣ್ಣ ನೆಕ್ಕಿದಂತಹ ಒಂದು ಪದರ ಬಾಯಲ್ಲಿ ಉಳಿಯುತ್ತಿತ್ತು. ಇಳಿಯುವುದಕ್ಕೂ ನಾಲ್ಕು ನಿಮಿಷಕ್ಕಿಂತ ಹೆಚ್ಚು ಹಿಡಿಯುತ್ತಿತ್ತು. ಮೊದಲು ಬೀಜವನ್ನು ಸಂಶಯಿಸಿದೆ. ಬೀಜ ಕಳಿಸುವ ಅಂಗಡಿಯವರು ಪೊಟ್ಟಣದ ಮೇಲೆ ಹುರಿದ ದಿನಾಂಕವನ್ನು ಮುದ್ರಿಸುವುದೇ ಇಲ್ಲ. ನಾನು ಮೂರು ಬಾರಿ ಕೇಳಿದ್ದೇನೆ, ಮೂರು ಬಾರಿಯೂ "ಫ್ರೆಶ್ ಇದೆ" ಎಂಬ ಉತ್ತರ ಬಂದಿದೆ. ಹುರಿದ ದಿನ ಗೊತ್ತಿಲ್ಲದಿದ್ದರೆ ಇಂತಹ ಹೊತ್ತಿನಲ್ಲಿ ದೋಷ ಎಲ್ಲಿದೆ ಎಂದು ಹುಡುಕುವವರ ಸಮಯ ವ್ಯರ್ಥವಾಗುತ್ತದೆ ಎಂಬುದನ್ನು ಅವರು ಅರಿಯಬೇಕು. ಆಮೇಲೆ ಪುಡಿಯನ್ನು ದಪ್ಪ ಮಾಡಿ ನೋಡಿದೆ. ಬೇಗ ಇಳಿಯಿತು, ನೀರಾಯಿತು, ಹುಳಿ ಮಾತ್ರ ಬರಲಿಲ್ಲ. ಕುದಿಯುವ ಬಿಂದುವನ್ನೂ ಯೋಚಿಸಿದೆ. ಎತ್ತರ 300 ಮೀಟರ್ ಏರಿದರೆ ನೀರು ಕುದಿಯುವ ಉಷ್ಣತೆ ಸುಮಾರು ಒಂದು ಡಿಗ್ರಿ ಇಳಿಯುತ್ತದೆ; ಗದಗಿಗೂ ಧಾರವಾಡಕ್ಕೂ ಅಷ್ಟು ಅಂತರ ಇಲ್ಲವಾದ್ದರಿಂದ ಅದನ್ನೂ ಬಿಟ್ಟೆ.

ಉಳಿದದ್ದು ನೀರು. ಧಾರವಾಡದ ನನ್ನ ಮನೆಗೆ ಬರುವುದು ಮಲಪ್ರಭೆಯ ನೀರು, ಅಂದರೆ ಸವದತ್ತಿಯ ಹತ್ತಿರದ ಜಲಾಶಯದಲ್ಲಿ ನಿಂತ ಮೇಲ್ಮೈ ನೀರು. ಈ ಹಾಸ್ಟೆಲಿನಲ್ಲಿರುವುದು ಬೋರಿನ ನೀರು. ಭಾನುವಾರ ಊರಿಗೆ ಹೋದಾಗ ಎರಡು ಲೀಟರ್ ಮನೆಯ ನೀರನ್ನು ತುಂಬಿಕೊಂಡು ಬಂದೆ. ಸೋಮವಾರ ಬೆಳಿಗ್ಗೆ ಎರಡೂ ನೀರಿನಲ್ಲಿ ಒಂದೇ ಪುಡಿಯಿಂದ ಕಾಫಿ ಇಳಿಸಿ, ಲೋಟಗಳ ಅಡಿಗೆ ಗುರುತು ಹಾಕಿ, ಪಕ್ಕದ ಕೋಣೆಯ ರೋಣದ ಗೆಳೆಯರಿಂದ ಅದಲುಬದಲು ಮಾಡಿಸಿ ಕುಡಿದೆ. ಮೂರು ಸಲವೂ ಮೊದಲ ಗುಟುಕಿನಲ್ಲೇ ಗುರುತಿಸಿದೆ. ಮನೆಯ ನೀರಿನ ಕಾಫಿ ಮೂರು ನಿಮಿಷದಲ್ಲೇ ಇಳಿದಿತ್ತು.

ಈ ಹವ್ಯಾಸದಲ್ಲಿರುವ ಎಲ್ಲರಿಗೂ ಗೊತ್ತಿರುವಂತೆ, ಕಾಫಿಯ ಹುಳಿಯನ್ನು ಕೊಲ್ಲುವುದು ನೀರಿನಲ್ಲಿರುವ ಬೈಕಾರ್ಬೊನೇಟ್. ಅದನ್ನು ಟಿಡಿಎಸ್ ಮೀಟರ್ ತೋರಿಸಲಾರದು. ಆ ಮೀಟರ್ ಅಳೆಯುವುದು ನೀರು ಎಷ್ಟು ವಿದ್ಯುತ್ತನ್ನು ಹರಿಯಬಿಡುತ್ತದೆ ಎಂಬುದನ್ನು ಮಾತ್ರ, ಕರಗಿರುವುದು ಅಡುಗೆಯ ಉಪ್ಪೋ ಸುಣ್ಣವೋ ಸೋಡಾವೋ ಎಂಬುದು ಅದಕ್ಕೆ ತಿಳಿಯದು. ಆದ್ದರಿಂದ ಹುಬ್ಬಳ್ಳಿಯಲ್ಲಿ ಅಲಂಕಾರಿಕ ಮೀನು ಮಾರುವ ಅಂಗಡಿಯಿಂದ ನೀರಿನ ಗಡಸುತನ ತೋರಿಸುವ ಜಿಎಚ್ ಮತ್ತು ಬೈಕಾರ್ಬೊನೇಟ್ ತೋರಿಸುವ ಕೆಎಚ್ ಪರೀಕ್ಷೆಯ ಹನಿಗಳನ್ನು ತರಿಸಿದೆ. ಮೊದಲು ಕೊಟ್ಟ ಪೆಟ್ಟಿಗೆಯ ಅವಧಿ ಮುಗಿದು ಒಂದು ವರ್ಷವಾಗಿತ್ತು; ಬದಲಿಸಿ ಕೊಡಲು ಆರು ದಿನ ತೆಗೆದುಕೊಂಡರು. ಗಾಜಿನ ನಳಿಗೆಯಲ್ಲಿ 5 ಮಿ.ಲೀ. ನೀರು ಹಾಕಿ, ಬಣ್ಣ ಬದಲಾಗುವವರೆಗೆ ಹನಿಗಳನ್ನು ಎಣಿಸಬೇಕು. ಒಂದು ಹನಿಗೆ ಒಂದು ಡಿಗ್ರಿ. ಒಂದು ಡಿಗ್ರಿ ಎಂದರೆ ಲೀಟರಿಗೆ ಸುಮಾರು 18 ಮಿಲಿಗ್ರಾಂ. ಕಾಫಿಗೆ ಕೆಎಚ್ ಎರಡು ಅಥವಾ ಎರಡೂವರೆ ಡಿಗ್ರಿ ಇದ್ದರೆ ಸಾಕು. ನನ್ನ ಎಣಿಕೆಯನ್ನು ನೋಡುತ್ತ ನಿಂತಿದ್ದ ರೋಣದ ಗೆಳೆಯರು, "ಏನ್ರೀ ಸರ, ಕಾಫಿಗೆ ಮೀನಿನ ಔಷಧ ಹಾಕಾಕತ್ತೀರೇನ್ರೀ?" ಎಂದು ಕೇಳಿ ನಕ್ಕರು. ಹನಿ ಬಿದ್ದ ನೀರನ್ನು ಚೆಲ್ಲುತ್ತೇವೆ ಎಂದು ತೋರಿಸಿದ ಮೇಲೆಯೇ ಅವರು ಲೋಟವನ್ನು ಕೈಗೆ ತೆಗೆದುಕೊಂಡದ್ದು.

ಬೋರಿನ ನೀರಿನ ಕೆಎಚ್ ಇಪ್ಪತ್ತು ಹನಿ ತೆಗೆದುಕೊಂಡಿತು. ಪರಿಹಾರ ಸುಲಭ ಎಂದುಕೊಂಡೆ. ಬೈಕಾರ್ಬೊನೇಟ್ ಇರುವ ನೀರನ್ನು ಕುದಿಸಿದರೆ ಸುಣ್ಣ ಬಿಳಿ ಪುಡಿಯಾಗಿ ತಳಕ್ಕೆ ಕೂರುತ್ತದೆ, ಮೇಲಿನ ತಿಳಿಯನ್ನು ಬಸಿದುಕೊಂಡರೆ ಕೆಎಚ್ ಇಳಿದಿರುತ್ತದೆ. ಹಾವೇರಿ ಜಿಲ್ಲೆಯ ನಮ್ಮ ಸಂಬಂಧಿಕರ ಮನೆಯ ಬಾವಿ ನೀರಿನಲ್ಲಿ ಈ ಉಪಾಯ ಫಲಿಸಿತ್ತು. ಹನ್ನೆರಡು ಇದ್ದ ಕೆಎಚ್ ನಾಲ್ಕಕ್ಕೆ ಇಳಿದಿತ್ತು. ಇಲ್ಲಿ ಮೆಸ್ಸಿನ ಒಲೆಯ ಮೇಲೆ ಒಂದು ಲೀಟರ್ ನೀರನ್ನು ಹದಿನೈದು ನಿಮಿಷ ಮುಚ್ಚಳವಿಲ್ಲದೆ ಕುದಿಸಿ, ಆರಿಸಿ, ಬಟ್ಟೆಯಲ್ಲಿ ಸೋಸಿ ಎಣಿಸಿದರೆ ಹದಿನಾರು ಹನಿ. ಮರುದಿನ ಮತ್ತೆ ಮಾಡಿದೆ, ಮತ್ತೆ ಹದಿನಾರು. ಕಾಫಿ ಎಂದಿನಂತೆಯೇ ಸಪ್ಪೆ. ಅಂದು ರಾತ್ರಿ ಎಲ್ಲವನ್ನೂ ಚೀಲಕ್ಕೆ ತುಂಬಿ ಮನೆಗೆ ಕಳಿಸಿಬಿಡಬೇಕು ಎನ್ನಿಸುವಷ್ಟು ಬೇಸರವಾಯಿತು.

ಗಂಟು ಬಿಡಿಸಿದವರು ಮೆಸ್ಸಿನಲ್ಲಿ ಅಡುಗೆ ಮಾಡುವ ಅಕ್ಕಾ. ಸವಳು ನೀರಿನಲ್ಲಿ ಬೇಳೆ ಬೇಯುವುದು ಕಷ್ಟವಾಗುತ್ತಿರಬೇಕಲ್ಲವೇ ಎಂದು ನಾನು ಕೇಳಿದಾಗ ಅವರು, "ಇಲ್ರೀ, ನಮ್ಮ ಬೋರಿನ ನೀರಾಗ ಬ್ಯಾಳಿ ಲಗೂನ ಕುದೀತಾವ, ಸೋಡಾ ಹಾಕೂದ ಬ್ಯಾಡ" ಎಂದರು. ಸುಣ್ಣದ ನೀರಾಗಿದ್ದರೆ ಬೇಳೆ ಗಟ್ಟಿಯಾಗಿ ಉಳಿಯಬೇಕಿತ್ತು, ಸಾಬೂನು ನೊರೆ ಕೊಡಬಾರದಿತ್ತು, ಕೆಟಲಿನ ತಳದಲ್ಲಿ ದಪ್ಪ ಬಿಳಿ ಪೊರೆ ಕಟ್ಟಬೇಕಿತ್ತು. ಇಲ್ಲಿ ಸಾಬೂನು ಚೆನ್ನಾಗಿ ನೊರೆಯಾಗುತ್ತದೆ, ಕೆಟಲಿನಲ್ಲಿ ಇರುವುದು ತೆಳುವಾದ ಮಸುಕು ಮಾತ್ರ. ಇವೆಲ್ಲ ಹತ್ತೊಂಬತ್ತು ದಿನವೂ ನನ್ನ ಕಣ್ಣೆದುರಿಗೇ ಇದ್ದವು. ಕೂಡಲೇ ಜಿಎಚ್ ಎಣಿಸಿದೆ: ಎಂಟೇ ಹನಿ.

ಇಲ್ಲಿ ಸ್ವಲ್ಪ ನಿಧಾನವಾಗಿ ವಿವರಿಸುತ್ತೇನೆ. ಜಿಎಚ್ ಎಂದರೆ ನೀರಿನಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂಗಳ ಒಟ್ಟು ಅಳತೆ. ಕೆಎಚ್ ಎಂದರೆ ಮುಖ್ಯವಾಗಿ ಬೈಕಾರ್ಬೊನೇಟಿನ ಅಳತೆ. ಕುದಿಸಿದಾಗ ಬೈಕಾರ್ಬೊನೇಟ್ ಕೆಳಗೆ ಕೂರಬೇಕಾದರೆ ಅದನ್ನು ಹಿಡಿದುಕೊಳ್ಳಲು ಕ್ಯಾಲ್ಸಿಯಂ ಬೇಕು. ಇಪ್ಪತ್ತು ಡಿಗ್ರಿ ಬೈಕಾರ್ಬೊನೇಟಿಗೆ ಇಲ್ಲಿ ಇರುವ ಜೊತೆ ಎಂಟು ಡಿಗ್ರಿಯದು ಮಾತ್ರ. ಉಳಿದ ಹನ್ನೆರಡು ಡಿಗ್ರಿ ಸೋಡಿಯಂ ಜೊತೆಗಿದೆ, ಅಂದರೆ ಅದು ಕರಗಿದ ಅಡುಗೆ ಸೋಡಾ. ಎಷ್ಟು ಕುದಿಸಿದರೂ ಅದು ತಳಕ್ಕೆ ಕೂರುವುದಿಲ್ಲ. ಮೇಲಾಗಿ ನೀರು ಆವಿಯಾಗಿ ಒಂದು ಲೀಟರಿನಲ್ಲಿ 850 ಮಿ.ಲೀ. ಉಳಿದಿತ್ತು, ಆದ್ದರಿಂದ ಆ ಹನ್ನೆರಡು ಮಂದವಾಗಿ ಹದಿನಾಲ್ಕಾಗುತ್ತದೆ. ಕುದಿಸಿದ ನೀರಿನ ಜಿಎಚ್ ಎಣಿಸಿದಾಗ ಎರಡು ಬಂತು. ಹದಿನಾಲ್ಕಕ್ಕೆ ಎರಡು ಕೂಡಿದರೆ ಹದಿನಾರು, ನಾನು ಎಣಿಸಿದಷ್ಟೇ. ಲೆಕ್ಕ ಹೀಗೆ ಕೂಡಿಬಂದಾಗ ಆದ ಸಂತೋಷವನ್ನು ಈ ಹವ್ಯಾಸದವರಲ್ಲದೆ ಬೇರೆಯವರಿಗೆ ಹೇಳುವುದು ಕಷ್ಟ. ಹಾವೇರಿಯ ಬಾವಿಯಲ್ಲಿ ಜಿಎಚ್ ಹದಿನೆಂಟು, ಕೆಎಚ್ ಹನ್ನೆರಡು ಇತ್ತು. ಬೈಕಾರ್ಬೊನೇಟಿಗೆ ಬೇಕಾದಷ್ಟು ಜೊತೆ ಇದ್ದುದರಿಂದಲೇ ಅಲ್ಲಿ ಕುದಿಸುವುದು ಫಲಿಸಿತು. ಇನ್ನು ಮುಂದೆ ಹೊಸ ಊರಿನಲ್ಲಿ ಕೆಎಚ್ ಒಂದನ್ನೇ ಎಣಿಸಿ ನಾನು ಒಲೆ ಹಚ್ಚುವುದಿಲ್ಲ. ಜಿಎಚ್ ಕೆಎಚ್‌ಗಿಂತ ತೀರ ಕಡಿಮೆ ಇದ್ದರೆ ಕುದಿಸುವ ಗೋಜಿಗೆ ಹೋಗುವುದಿಲ್ಲ.

ಇಂತಹ ಸೋಡಾ ನೀರಿನ ಜೊತೆ ಫ್ಲೋರೈಡ್ ಸಹ ಹೆಚ್ಚಿರುವ ಸಾಧ್ಯತೆ ಉಂಟು. ಗದಗ ಜಿಲ್ಲೆಯ ಹಲವು ಕಡೆ, ಮುಂಡರಗಿ ಭಾಗದಲ್ಲೂ, ಅದು ಹಳೆಯ ತೊಂದರೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಕಡಿಮೆಯಾದಷ್ಟೂ ಮಂದವಾಗುತ್ತದೆ. ಕಾಫಿಗೆಂದು ಇದನ್ನು ದಿನವೂ ಕುದಿಸಿ ಕುಡಿಯುವುದನ್ನು ನಿಲ್ಲಿಸಲು ಅದೂ ಒಂದು ಕಾರಣ.

ಹಾಗಾಗಿ ಬೆರಸುವ ದಾರಿ ಹಿಡಿದೆ. ನಾಣ್ಯ ಹಾಕಿ ಕ್ಯಾನ್ ತುಂಬಿಸುವ ಆರ್‌ಒ ಘಟಕದ ನೀರಿನ ಕೆಎಚ್ ಒಂದೇ ಹನಿ ಇತ್ತು. ಅದೊಂದನ್ನೇ ಬಳಸಿದರೆ ಕಾಫಿ ಮೊನಚಾದ ಹುಳಿಯಾಗಿ, ತೆಳ್ಳಗಾಗಿ ಬರುತ್ತದೆ. 220 ಮಿ.ಲೀ. ಕ್ಯಾನ್ ನೀರಿಗೆ 20 ಮಿ.ಲೀ. ಬೋರಿನ ನೀರು ಬೆರಸಿದೆ. ಲೆಕ್ಕದಲ್ಲಿ 220ಕ್ಕೆ 400 ಕೂಡಿಸಿ 240ರಿಂದ ಭಾಗಿಸಿದರೆ ಎರಡೂವರೆಗಿಂತ ತುಸು ಹೆಚ್ಚು. ನಳಿಗೆಯಲ್ಲಿ ಮೂರನೆಯ ಹನಿಗೆ ಬಣ್ಣ ತಿರುಗಿತು. ಈ ದಿನ ಬೆಳಿಗ್ಗೆ ಕುಡಿದದ್ದು ಇದನ್ನೇ. ಇಳಿಯಲು ಮೂರು ನಿಮಿಷ ಹತ್ತು ಸೆಕೆಂಡು. ಕಿತ್ತಳೆಯ ಹುಳಿ ಮರಳಿ ಬಂತು, ಆರಿದ ಮೇಲೆ ಬೆಲ್ಲದ ಸಿಹಿಯೂ ಕಂಡಿತು. ಅದೇ ಕಾಫಿಗೆ ಹಾಲು ಬೆರಸಿ ರೋಣದ ಗೆಳೆಯರಿಗೆ ಕೊಟ್ಟೆ; ಹಳೆಯ ಕಾಫಿಗೂ ಇದಕ್ಕೂ ಅವರಿಗೆ ಅಂತರ ಸಿಗಲಿಲ್ಲ.

ಈ ಪರಿಹಾರಕ್ಕೂ ಒಂದು ಮಿತಿ ಇದೆ. ಆರ್‌ಒ ಘಟಕದವರು ಪೊರೆಯನ್ನು ಯಾವಾಗ ಬದಲಿಸುತ್ತಾರೆ, ಯಾವಾಗ ನೇರ ನೀರನ್ನು ಎಷ್ಟು ಬೆರಸುತ್ತಾರೆ ಎಂಬುದನ್ನು ಯಾರಿಗೂ ಹೇಳುವುದಿಲ್ಲ. ಸಂಜೆ ಪಕ್ಕದ ಬೀದಿಯ ಇನ್ನೊಂದು ಘಟಕದಿಂದ ತಂದ ಕ್ಯಾನಿನಲ್ಲಿ ಕೆಎಚ್ ನಾಲ್ಕು ಬಂತು. ಅದಕ್ಕೆ ಬೋರಿನ ನೀರು ಬೆರಸಿದರೆ ಐದು ದಾಟಿ ಮತ್ತೆ ಸಪ್ಪೆಯಾಗುತ್ತದೆ, ಆದ್ದರಿಂದ ಹಾಗೆಯೇ ಬಳಸಬೇಕು. ಪ್ರತಿ ಹೊಸ ಕ್ಯಾನಿಗೂ ಒಮ್ಮೆ ಹನಿ ಎಣಿಸಲೇಬೇಕು.

ಬೋರಿನ ನೀರನ್ನು ಅಳತೆಯ ಸೋಡಾ ಎಂದು ಬಳಸುತ್ತಿರುವಾಗ, ನಿಜವಾದ ಸೋಡಾವನ್ನೇ ಏಕೆ ಒಯ್ಯಬಾರದು ಎಂಬ ಯೋಚನೆ ಬಂದಿದೆ. ಮುಂದಿನ ತಿಂಗಳ ಪ್ರವಾಸಕ್ಕೆ ಎರಡು ಪುಟ್ಟ ಬಾಟಲಿ ಸಿದ್ಧಪಡಿಸುತ್ತೇನೆ. ಒಂದರಲ್ಲಿ 200 ಮಿ.ಲೀ. ನೀರಿಗೆ 3.4 ಗ್ರಾಂ ಅಡುಗೆ ಸೋಡಾ, ಇನ್ನೊಂದರಲ್ಲಿ ಅಷ್ಟೇ ನೀರಿಗೆ ಔಷಧಿ ಅಂಗಡಿಯ 4.9 ಗ್ರಾಂ ಎಪ್ಸಮ್ ಉಪ್ಪು. ಗೊಬ್ಬರದ ಅಂಗಡಿಯದು ಬೇಡ. ಖನಿಜವೇ ಇಲ್ಲದ 240 ಮಿ.ಲೀ. ನೀರಿಗೆ ಮೊದಲನೆಯದು 1 ಮಿ.ಲೀ., ಎರಡನೆಯದು 2 ಮಿ.ಲೀ. ಹಾಕಿದರೆ ಲೀಟರಿಗೆ ಸುಮಾರು 40 ಮಿಲಿಗ್ರಾಂ ಕೆಎಚ್, 80 ಮಿಲಿಗ್ರಾಂ ಜಿಎಚ್ ಬರುತ್ತದೆ. ಕ್ಯಾನಿನ ಕೆಎಚ್ ಆಗಲೇ ಒಂದಿದ್ದರೆ ಸೋಡಾ ಅರ್ಧ ಸಾಕು. ಸೂಜಿ ಇಲ್ಲದ ಸಿರಿಂಜ್ ಒಂದನ್ನು ಕೊಂಡಿದ್ದೇನೆ. ಶನಿವಾರ ಧಾರವಾಡಕ್ಕೆ ಹೋದಾಗ ಮನೆಯ ನೀರಿನ ಲೋಟದ ಪಕ್ಕದಲ್ಲಿಟ್ಟು ಇದರ ರುಚಿ ನೋಡಬೇಕು.