ಬೀಗದ ಸುತ್ತೋಲೆ ಬರೆದ ದಿನ

ಕನ್ವೇಯರ್ ರೋಲರ್ ಹತ್ತಿರ ನಮ್ಮ ಫಿಟ್ಟರ್ ಕೈ ಇಟ್ಟಿದ್ದರು. ಪ್ಯಾನೆಲ್‌ನಲ್ಲಿ ಸ್ವಿಚ್ ಆಫ್ ಮಾಡಿ, 'ಕೆಲಸ ನಡೆಯುತ್ತಿದೆ' ಅನ್ನೋ ಬೋರ್ಡನ್ನೂ ತೂಗುಹಾಕಿದ್ದರು. ಬೋರ್ಡ್ ಕಳಚಿ ಬಿದ್ದಿತ್ತು. ಶಿಫ್ಟ್ ಬದಲಾಯಿತು, ಹೊಸ ಆಪರೇಟರ್ ಬಂದು ಸ್ವಿಚ್ ಹಾಕಿದರು. ರೋಲರ್ ಗ್ಲೌಸನ್ನು ಎಳೆದುಕೊಂಡಿತು. ಪುಣ್ಯಕ್ಕೆ ಕೈ ಉಳಿಯಿತು.

ಮಾರನೇ ದಿನ ಸುತ್ತೋಲೆ ಬರೆಯೋ ಕೆಲಸ ನನ್ನ ಪಾಲಿಗೆ ಬಂತು. 'ದುರಸ್ತಿ ವೇಳೆ ಎಲ್ಲರೂ ಎಚ್ಚರಿಕೆ ವಹಿಸತಕ್ಕದ್ದು, ತಪ್ಪಿದಲ್ಲಿ ಕಠಿಣ ಕ್ರಮ' ಅಂತ ಬರೆದು ಅದೇ ಫಿಟ್ಟರ್‌ಗೆ ತೋರಿಸಿದೆ. ಅವರು ಎರಡು ಸಲ ಓದಿದರು. "ನಾನು ಎಚ್ಚರಿಕೆಯಿಂದಲೇ ಇದ್ದೆ ಸಾರ್. ಸ್ವಿಚ್ ಹಾಕಿದ್ದು ನಾನಲ್ವಲ್ಲ" ಅಂದರು. ಆ ಹಾಳೆಯನ್ನು ಹರಿದು ಹಾಕಿದೆ.

ಹೊಸದರಲ್ಲಿ ಮೊದಲು ನಡೆದದ್ದನ್ನೇ ಬರೆದೆ, ಯಾರ ಹೆಸರೂ ಇಲ್ಲದೆ. ಆಮೇಲೆ ನಿಯಮ. ಮೆಷಿನ್‌ನ ಮೇನ್ ಸ್ವಿಚ್ ಆಫ್ ಮಾಡಿ ಅದಕ್ಕೆ ನಿಮ್ಮದೇ ಬೀಗ ಹಾಕಿ, ಕೀ ನಿಮ್ಮ ಜೇಬಿನಲ್ಲೇ ಇರಲಿ. ಮೂವರು ಕೆಲಸ ಮಾಡಿದರೆ ಮೂರು ಬೀಗ. ಕೊನೆಯ ಬೀಗ ತೆಗೆಯೋವರೆಗೂ ಕರೆಂಟ್ ಇಲ್ಲ. ಗಾಳಿಯಿಂದ ಓಡೋ ಸಿಲಿಂಡರ್ ಇದ್ದರೆ ವಾಲ್ವ್ ಮುಚ್ಚಿ, ಒಳಗಿನ ಗಾಳಿ ಬಿಟ್ಟು, ಗೇಜ್ ಸೊನ್ನೆಗೆ ಬಂತಾ ನೋಡಿ. ಕರೆಂಟ್ ಹೋದರೂ ಒಳಗೆ ನಿಂತ ಗಾಳಿ ಸಿಲಿಂಡರನ್ನು ತಳ್ಳಬಲ್ಲದು. ಕೊನೆಗೆ, ಹತ್ತಿರ ಯಾರೂ ಇಲ್ಲ ಅಂತ ನೋಡಿ ಸ್ಟಾರ್ಟ್ ಬಟನ್ ಒತ್ತಿ. ಮೆಷಿನ್ ಅಲುಗಾಡದಿದ್ದರೆ ಕಂಟ್ರೋಲನ್ನು ಮತ್ತೆ ಆಫ್‌ಗೆ ತಂದು ಕೈ ಹಾಕಿ.

ಸೋಮವಾರದಿಂದಲೇ ಜಾರಿ ಆಗಲಿ ಅಂದರು ಮೇಲಿನವರು. ದುರಸ್ತಿ ಮಾಡುವವರು 31 ಜನ, ಸ್ಟೋರ್‌ನಲ್ಲಿ ಇದ್ದದ್ದು 12 ಬೀಗ. ಸುಮ್ನೆ ತಾರೀಖು ಹಾಕಿದರೆ ಮೊದಲ ದಿನವೇ ನಿಯಮ ಮುರಿಯುತ್ತೆ, ಅಲ್ವಾ? ಎಲ್ಲರಿಗೂ ಬೀಗ ಕೊಟ್ಟು ತರಬೇತಿ ಮುಗಿಸೋಕೆ 20 ದಿನ ಕೇಳಿ ಪಡೆದೆ. ಅಲ್ಲಿಯವರೆಗೆ ಆ 12 ಬೀಗ ಸರದಿಯಲ್ಲಿ; ಬೀಗ ಸಿಗದಿದ್ದರೆ ಕೆಲಸ ಕಾಯಬೇಕು.

ಜಾಸ್ತಿ ಚರ್ಚೆ ಆದದ್ದು ಶಿಕ್ಷೆಯ ಬಗ್ಗೆ. ಬೀಗವಿಲ್ಲದೆ ಕೈ ಹಾಕಿದರೆ ಕೆಲಸ ಅಲ್ಲೇ ನಿಲ್ಲುತ್ತೆ, ಮತ್ತೆ ತರಬೇತಿ ಆಗೋವರೆಗೂ ದುರಸ್ತಿಗೆ ಇಳಿಯೋ ಹಾಗಿಲ್ಲ. ಎರಡನೇ ಸಲ ಮೆಮೊ. ಇನ್ನೊಬ್ಬರ ಬೀಗ ಒಡೆದರೆ ನೇರ ವಿಚಾರಣೆ. 'ಬೀಗ ಬಿಡು, ಬೇಗ ಮುಗಿಸು' ಅಂದ ಸೂಪರ್‌ವೈಸರ್‌ಗೂ ಇದೇ ಕ್ರಮ. ಈ ಸಾಲನ್ನು ತೆಗೆಯಿರಿ ಅಂತ ಇಬ್ಬರು ಕೇಳಿದರು. ನಾನು ಬಿಡಲಿಲ್ಲ. ಅವಸರ ಹುಟ್ಟೋದು ಅಲ್ಲಿಂದಲೇ.

ಸಹಿ ಹಾಕೋಕೆ ಬಂದ ಫಿಟ್ಟರ್ ಬೀಗ ತಿರುಗಿಸಿ ನೋಡಿ, "ಇದರ ಇನ್ನೊಂದು ಕೀ ಎಲ್ಲಿ ಸಾರ್?" ಅಂದರು. ಸ್ಟೋರ್‌ನ ಡ್ರಾಯರ್‌ನಲ್ಲಿತ್ತು, ಯಾರು ಬೇಕಾದರೂ ತೆಗೆಯೋ ಹಾಗೆ. ಅವತ್ತು ಸಂಜೆಯೇ 12 ಹೆಚ್ಚುವರಿ ಕೀಗಳನ್ನೂ ಕತ್ತರಿಸಿ ಹಾಕಿಸಿದೆ. ಸುತ್ತೋಲೆಗೆ ಒಂದು ಸಾಲು ಸೇರಿತು: ಒಂದು ಬೀಗ, ಒಂದೇ ಕೀ.