ಅಪ್ಪೆಮಿಡಿ ಖಾಲಿಯಾದ ದಿನ ಬರೆಯುವ ಒಂದು ಪ್ರಕಟಣೆ

"ಅಕ್ಕಾ, ನಿಮ್ಮ ಅಪ್ಪೆಮಿಡಿ ಖಾಲಿ ಅಂತ ಹಾಕಿದ್ರೂ ಯಾರೂ ಬೈಯಲ್ಲ, ಬ್ಲ್ಯಾಕಲ್ಲೂ ಮಾರಲ್ಲ. ನಮ್ಮದು ಖಾಲಿ ಆದ್ರೆ ಎರಡೂ ಆಗತ್ತೆ. ಆ ವೇಟಿಂಗ್ ಲಿಸ್ಟ್ ಮೆಸೇಜಿನ ಫಾರ್ಮ್ಯಾಟ್ ಒಂಚೂರು ಕಳಿಸ್ತೀರಾ?"

ಬೈಯುತ್ತಾರೆ, ಮಾರಿಯೂ ಇದ್ದಾರೆ. ಜೇನು ಮಾರುವವರು, ಕೋಕಂ ಮಾಡುವವರು, ಕೈಮಗ್ಗದ ಸೀರೆ ತರಿಸುವವರು ಎಲ್ಲರೂ ಸಾಲಾಗಿ ಇದನ್ನೇ ಕೇಳುತ್ತಿರುವುದರಿಂದ ಒಮ್ಮೆ ಬರೆದಿಟ್ಟು ಕೈತೊಳೆದುಕೊಳ್ಳುತ್ತಿದ್ದೇನೆ. ಈ 'ಫಾರ್ಮ್ಯಾಟ್' ಎಂಬ ಪದ ಕಿವಿಗೆ ಬಿದ್ದರೆ ಮಾತ್ರ ನನಗೆ ಸಿಟ್ಟು ಬರುತ್ತದೆ. 'ಮಾನ್ಯರೇ' ಎಂದು ಆರಂಭಿಸಿ ಕೊನೆಗೆ ಕೈಮುಗಿದ ಚಿತ್ರವೊಂದನ್ನು ಅಂಟಿಸಿದರೆ ಗಿರಾಕಿಯ ನಿರಾಸೆ ಇಳಿಯುತ್ತದೆ ಎಂದು ನಂಬಿರುವವರ ಸಂಖ್ಯೆ ನನ್ನ ಉಪ್ಪಿನಕಾಯಿ ಬಾಟಲಿಗಳ ಸಂಖ್ಯೆಗಿಂತ ಹೆಚ್ಚಿದೆ.

ಜೀರಿಗೆ ಪರಿಮಳದ ಅಪ್ಪೆಮಿಡಿ ವರ್ಷಕ್ಕೊಮ್ಮೆ, ಮಾವು ಮಿಡಿಕಚ್ಚುವ ಕೆಲವೇ ವಾರಗಳಲ್ಲಿ ಮಾತ್ರ ಸಿಗುತ್ತದೆ. ಹೊಳೆಯಂಚಿನ ಎತ್ತರದ ಮರ ಹತ್ತಿ, ತೊಟ್ಟು ಮುರಿಯದಂತೆ ಕೊಯ್ದು, ನೆಲಕ್ಕೆ ಬಡಿಯದಂತೆ ಇಳಿಸಬೇಕು. ಬಿದ್ದು ಪೆಟ್ಟಾದ ಮಿಡಿ ಭರಣಿಯೊಳಗೆ ಕೊಳೆತು ಜೊತೆಯವನ್ನೂ ಕೆಡಿಸುತ್ತದೆ. ಹಾಗಾಗಿ ಬೇಡಿಕೆ ಬಂತೆಂದು ಜೂನ್ ತಿಂಗಳಲ್ಲಿ ಇನ್ನೂ ನೂರು ಬಾಟಲಿ ಮಾಡುವ ಸಾಧ್ಯತೆಯೇ ಇಲ್ಲ. ನಮ್ಮಲ್ಲಿ ಕೊಯ್ದದ್ದನ್ನೆಲ್ಲ ಹರಳುಪ್ಪಿಗೆ ಹಾಕಿ, ಮುರುಟಿದ ಮೇಲೆ ಅರ್ಧಭಾಗಕ್ಕೆ ಖಾರ ಬೆರೆಸಿ ಬೇಸಿಗೆಯಲ್ಲೇ ಮಾರುತ್ತೇವೆ. ಉಳಿದ ಅರ್ಧ ಉಪ್ಪುನೀರಿನಲ್ಲೇ ಇದ್ದು ದೀಪಾವಳಿಯ ಹೊತ್ತಿಗೆ ಎರಡನೆಯ ಕಂತಾಗಿ ಹೊರಬರುತ್ತದೆ. ನಮ್ಮ ಕಾಯುವ ಪಟ್ಟಿ ಇರುವುದು ಈ ಎರಡನೆಯ ಕಂತಿಗೆ. ಹೀಗೆ ಕಣ್ಣಿಗೆ ಕಾಣುವ ದಾಸ್ತಾನು ಯಾವುದೂ ಇಲ್ಲದವರು ಪಟ್ಟಿಯನ್ನೇ ತೆರೆಯಬಾರದು ಎಂಬುದು ನನ್ನ ಅಭಿಪ್ರಾಯ. ಅಂಥವರಿಗೆ 'ಮುಂದಿನ ಹಂಗಾಮಿಗೆ ತಿಳಿಸುತ್ತೇವೆ' ಎಂಬ ಒಂದು ಸಾಲು ಸಾಕು.

ಇದನ್ನು ಕಲಿತದ್ದು ಮೂರು ವರ್ಷಗಳ ಹಿಂದಿನ ನನ್ನದೇ ಪ್ರಕಟಣೆಯಿಂದ. "ಕೇವಲ ನಾಲ್ಕು ಗಂಟೆಯಲ್ಲಿ ಸಂಪೂರ್ಣ ಖಾಲಿ! ನಿಮ್ಮ ಪ್ರೀತಿಗೆ ಶರಣು! ಸಿಗದವರು ಬೇಸರಿಸಬೇಡಿ, ಹೆಸರು ಕೊಡಿ" ಎಂದು ಬರೆದಿದ್ದೆ. ಬರೆದಾಗ ಹೆಮ್ಮೆಯಿಂದ ಬೀಗಿದ್ದೆ ಎಂಬುದನ್ನು ಒಪ್ಪಿಕೊಳ್ಳುತ್ತೇನೆ. ವಾರದೊಳಗೆ ಆರುನೂರಕ್ಕೂ ಹೆಚ್ಚು ಹೆಸರುಗಳು ಬಂದವು. ಎರಡನೆಯ ಕಂತಿನಲ್ಲಿ ಇನ್ನೂರು ಬಾಟಲಿಯೂ ಇಲ್ಲವೆಂಬ ವಿಷಯ ನನಗೆ ಗೊತ್ತಿತ್ತು, ಬೇರೆ ಯಾರಿಗೂ ಗೊತ್ತಿರಲಿಲ್ಲ.

ಆಷಾಢದಲ್ಲಿ ಬೆಂಗಳೂರಿನಿಂದ ಒಬ್ಬ ಹೆಂಗಸು ಫೋನ್ ಮಾಡಿ, "ಇಷ್ಟು ದುಡ್ಡು ಕೊಟ್ಟು ತಗೊಂಡಿದೀನಿ, ಮೇಲೆಲ್ಲ ಬೂಷ್ಟು ಬಂದಿದೆ, ಹೀಗಾ ಮಾಡೋದು?" ಎಂದು ದಬಾಯಿಸಿದರು. ಅವರ ಹೆಸರು ನಮ್ಮ ಪುಸ್ತಕದಲ್ಲಿ ಎಲ್ಲಿಯೂ ಇರಲಿಲ್ಲ. ಲೇಬಲ್ಲಿನ ಮೇಲಿನ ಬ್ಯಾಚ್ ಸಂಖ್ಯೆ ಕೇಳಿ ನೋಡಿದರೆ, ಆ ಬಾಟಲಿ ಹೋದದ್ದು ನಮ್ಮದೇ ದೂರದ ಸಂಬಂಧಿಯೊಬ್ಬರಿಗೆ. ಅವರು ನಾಲ್ಕು ಬೇರೆ ಬೇರೆ ಫೋನ್ ಸಂಖ್ಯೆಗಳಿಂದ, ಒಂದೇ ವಿಳಾಸಕ್ಕೆ, ಒಟ್ಟು ಇಪ್ಪತ್ನಾಲ್ಕು ಬಾಟಲಿ ತರಿಸಿಕೊಂಡಿದ್ದರು. ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಒಂದಕ್ಕೆ ಎರಡರಷ್ಟು ಬೆಲೆ ಕಟ್ಟಿ ಮಾರುವಾಗ ಅವರು ಬಳಸಿದ ಜಾಹೀರಾತು ನನ್ನದೇ ಪ್ರಕಟಣೆಯ ಚಿತ್ರ: 'ನಾಲ್ಕು ಗಂಟೆಯಲ್ಲಿ ಖಾಲಿ, ಇನ್ನು ಎಲ್ಲೂ ಸಿಗುವುದಿಲ್ಲ.' ಬಾಟಲಿಗಳು ತಿಂಗಳುಗಟ್ಟಲೆ ಬಿಸಿಲು ಬೀಳುವ ಬಾಲ್ಕನಿಯಲ್ಲಿದ್ದವಂತೆ. ವಿಚಾರಿಸಿದಾಗ, "ಅತ್ತಿಗೇ, ನಿಮಗೆ ನಿಮ್ಮ ದುಡ್ಡು ಪೂರ್ತಿ ಬಂದಿದೆಯಲ್ಲ?" ಎಂದು ಅವರು ನನ್ನನ್ನೇ ಕೇಳಿದರು. ಅದಕ್ಕೆ ಆ ಕ್ಷಣದಲ್ಲಿ ನನ್ನ ಬಳಿ ಉತ್ತರವಿರಲಿಲ್ಲ. ಇತ್ತೀಚೆಗೆ ಮದುವೆಮನೆಯಲ್ಲಿ ಸಿಕ್ಕರೆ ಇಬ್ಬರೂ ಎದುರುಬದುರು ಪಂಕ್ತಿಯಲ್ಲಿ ಕೂರುವುದಿಲ್ಲ.

ಸಿಟ್ಟು ಇಳಿದ ಮೇಲೆ ಯೋಚಿಸಿದಾಗ, ಅವರು ಮಾರಿದ್ದು ಉಪ್ಪಿನಕಾಯಿಯನ್ನಲ್ಲ, ನಾನು ಹೇಳದೆ ಬಿಟ್ಟದ್ದನ್ನು ಎಂಬುದು ಅರ್ಥವಾಯಿತು. ಇನ್ನೊಂದು ಕಂತು ಇದೆ, ಅದು ಇಂಥ ತಿಂಗಳು ಬರುತ್ತದೆ, ಬೆಲೆ ಇಷ್ಟೇ ಇರುತ್ತದೆ ಎಂಬ ಮೂರು ಸಂಗತಿಗಳನ್ನು ನಾನು ಬರೆದಿದ್ದರೆ ಎರಡರಷ್ಟು ಕೊಡಲು ಎಷ್ಟು ಜನ ಮುಂದೆ ಬರುತ್ತಿದ್ದರು? ಬದಲಿಗೆ ಎಷ್ಟು ಬೇಗ ಮುಗಿಯಿತು ಎಂಬ ಒಂದೇ ಸಂಗತಿಯನ್ನು ಬರೆದೆ, ಅದು ಗಿರಾಕಿಗೆ ಯಾವ ಉಪಯೋಗಕ್ಕೂ ಬಾರದ, ಮರುಮಾರಾಟಗಾರನಿಗೆ ಮಾತ್ರ ಬೇಕಾದ ಮಾಹಿತಿ. ಈಗ ನನ್ನ ಪ್ರಕಟಣೆಯಲ್ಲಿ ಗಂಟೆಯ ಲೆಕ್ಕವಿಲ್ಲ, ಉದ್ಗಾರ ಚಿಹ್ನೆಯೂ ಇಲ್ಲ. ಓದಿದವರಿಗೆ ಸ್ವಲ್ಪ ಬೇಸರ ಹುಟ್ಟಿಸುವಷ್ಟು ಸಪ್ಪೆಯಾಗಿರಲಿ ಎಂದೇ ಬರೆಯುತ್ತೇನೆ.

'ಎಂಆರ್‌ಪಿ ಮೀರಿ ಮಾರುವಂತಿಲ್ಲವಲ್ಲ, ದೂರು ಕೊಡಿ' ಎನ್ನುವವರಿದ್ದಾರೆ. ಪೊಟ್ಟಣದ ಸರಕುಗಳ ಕುರಿತ 2011ರ ಕಾನೂನುಬದ್ಧ ಮಾಪನ ನಿಯಮಗಳು ಹಾಗೆ ಹೇಳುವುದು ನಿಜ. ಆದರೆ ರಸೀದಿ ಹಿಡಿದು ದೂರಬಲ್ಲವರು ಹೆಚ್ಚು ಕೊಟ್ಟು ಕೊಂಡವರು, ಮಿಡಿ ಸಿಕ್ಕ ಖುಷಿಯಲ್ಲಿರುವವರು ಹಾಗೆ ಮಾಡುವುದಿಲ್ಲ. ನಿಯಮದಿಂದ ನನಗಾದ ಪ್ರಯೋಜನವೆಂದರೆ ಲೇಬಲ್ಲಿನ ಮೂಲೆಯಲ್ಲಿದ್ದ ಬೆಲೆಯನ್ನು ಮುಂಭಾಗಕ್ಕೆ ತಂದು ದಪ್ಪಕ್ಷರದಲ್ಲಿ ಹಾಕಿದ್ದು ಮಾತ್ರ. ಕೊಳ್ಳುವವರ ಕಣ್ಣಿಗೆ ಅದು ಬಿದ್ದರೆ ಮಾರುವವನ ನಾಲಿಗೆ ತುಸುವಾದರೂ ತಡವರಿಸುತ್ತದೆ.

ನಿಜ ಹೇಳಬೇಕೆಂದರೆ, ಫಾರ್ಮ್ಯಾಟ್ ಕೇಳುವವರಲ್ಲಿ ಒಬ್ಬರಾದರೂ 'ಪಟ್ಟಿಯನ್ನು ಎಷ್ಟನೆಯ ಹೆಸರಿಗೆ ಮುಚ್ಚುತ್ತೀರಿ' ಎಂದು ಕೇಳಿದ್ದರೆ ಅವರಿಗೆ ಚಹಾ ಕೊಟ್ಟು ಕೂರಿಸಿ ಉತ್ತರಿಸುತ್ತಿದ್ದೆ. ಯಾರೂ ಕೇಳಿಲ್ಲವಾದ್ದರಿಂದ ಚಹಾ ಇಲ್ಲದೆ ಹೇಳುತ್ತೇನೆ. ಈ ವರ್ಷ ಮೊದಲ ಕಂತು ಮುಗಿದಾಗ ಭರಣಿಗಳಲ್ಲಿ ಸುಮಾರು 8000 ಮಿಡಿಗಳು ಉಳಿದಿದ್ದವು. ಖಾರ ಬೆರೆಸುವ ಮುನ್ನ ಒಂದೊಂದನ್ನೂ ಹಿಚುಕಿ ನೋಡಿ ಮೆತ್ತಗಾದವನ್ನು ತೆಗೆಯುವಾಗ ಹತ್ತರಲ್ಲಿ ಒಂದು ಹೋಗುತ್ತದೆ, ಆಗ ಉಳಿಯುವುದು 7200. ನಮ್ಮ ಬಾಟಲಿಗೆ ನಲವತ್ತು ಮಿಡಿ ಹಿಡಿಯುವುದರಿಂದ 180 ಬಾಟಲಿಗಳಾಗುತ್ತವೆ. ಅಂಚೆಯಲ್ಲಿ ಒಡೆದು ತಲುಪುವ ಬಾಟಲಿಗೆ ಬದಲಿ ಕೊಡಲೆಂದು ಹತ್ತನ್ನು ಎತ್ತಿಟ್ಟರೆ ಮಾರಲು ಸಿಗುವುದು 170.

ಹೆಸರು ಬರೆಸಿದವರೆಲ್ಲ ಕೊಳ್ಳುವುದಿಲ್ಲ. ನನ್ನ ಪುಸ್ತಕದ ಪ್ರಕಾರ, ಸರದಿ ಬಂದಾಗ ನಾಲ್ವರಲ್ಲಿ ಮೂವರು ಹಣ ಕಳಿಸುತ್ತಾರೆ; ಒಬ್ಬರಿಗೆ ಅಷ್ಟರಲ್ಲಿ ಅತ್ತೆಮನೆಯಿಂದ ಜಾಡಿ ಬಂದಿರುತ್ತದೆ. ಆದ್ದರಿಂದ 170 ಬಾಟಲಿಗೆ 225 ಹೆಸರುಗಳನ್ನು ತೆಗೆದುಕೊಂಡು ಪಟ್ಟಿ ಮುಚ್ಚಿದೆ. ಮೊದಲ 170 ಮಂದಿಗೆ ಸಂದೇಶ ಕಳಿಸಿ 48 ಗಂಟೆ ಕಾಯುತ್ತೇನೆ, ಉಳಿದದ್ದು ಮುಂದಿನ 55 ಮಂದಿಗೆ ಸರದಿಯಂತೆ ಹೋಗುತ್ತದೆ. ಹೆಸರು ಬರೆಸಿದ ದಿನವೇ ಅವರವರ ಕ್ರಮಸಂಖ್ಯೆಯನ್ನು ಹೇಳಿ, 170ರ ಒಳಗಿನವರಿಗೆ 'ಬಹುತೇಕ ಖಚಿತ' ಎಂದೂ ಅದರಾಚೆಯವರಿಗೆ 'ಯಾರಾದರೂ ಬಿಟ್ಟರೆ ಮಾತ್ರ' ಎಂದೂ ತಿಳಿಸುತ್ತೇನೆ. ರೈಲಿನ ಟಿಕೆಟ್ಟಿನಲ್ಲಿ ವೇಟಿಂಗ್ ಲಿಸ್ಟ್ 40 ಇದ್ದದ್ದು 12ಕ್ಕೆ ಇಳಿದರೂ ನಾವು ರೈಲ್ವೆಯನ್ನು ಅಷ್ಟಾಗಿ ಬೈಯುವುದಿಲ್ಲ, ಏಕೆಂದರೆ ಸಂಖ್ಯೆ ಕಣ್ಣೆದುರು ಇರುತ್ತದೆ. ಆರುನೂರು ಹೆಸರು ತೆಗೆದುಕೊಂಡ ವರ್ಷ ನನ್ನನ್ನು ಬೈದವರಲ್ಲಿ ಹೆಚ್ಚಿನವರ ದೂರು ಉಪ್ಪಿನಕಾಯಿ ಸಿಗಲಿಲ್ಲವೆಂದಲ್ಲ, ಆರು ತಿಂಗಳು ಕಾಯಿಸಿದಿರಿ ಎಂದು.

ಆ ರೈಲ್ವೆಯಿಂದಲೇ ಕಲಿತ ಇನ್ನೊಂದೆಂದರೆ ಜಾಗವನ್ನು ಹೆಸರಿಗೆ ಕಟ್ಟುವುದು. ಎಪ್ಪತ್ತು, ಎಂಬತ್ತರ ದಶಕಗಳಲ್ಲಿ ಬಜಾಜ್ ಸ್ಕೂಟರಿಗೆ ವರ್ಷಗಟ್ಟಲೆ ಕಾಯಬೇಕಾಗಿದ್ದಾಗ ಬುಕಿಂಗ್ ಎಂಬುದೇ ಮಾರಬಹುದಾದ ಒಂದು ಆಸ್ತಿಯಾಗಿತ್ತು. ಅದು ನನ್ನ ಪಟ್ಟಿಯಲ್ಲಿ ಆಗಬಾರದೆಂದು ಒಂದು ವಿಳಾಸಕ್ಕೆ ಒಂದೇ ಬಾಟಲಿ, ಹೆಸರು ಬರೆಸಿದವರ ವಿಳಾಸಕ್ಕೇ ರವಾನೆ, ಸರದಿಯನ್ನು ಇನ್ನೊಬ್ಬರಿಗೆ ವರ್ಗಾಯಿಸುವಂತಿಲ್ಲ ಎಂದು ಬರೆಯುತ್ತೇನೆ. ಫೋನ್ ಸಂಖ್ಯೆಯನ್ನು ನಂಬುವುದಿಲ್ಲ, ಸಿಮ್ ಎಷ್ಟು ಬೇಕಾದರೂ ಸಿಗುತ್ತವೆ. ಬೇರೆ ಬೇರೆ ಹೆಸರುಗಳ ಎದುರು ಒಂದೇ ಮನೆ ಸಂಖ್ಯೆ, ಒಂದೇ ಪಿನ್‌ಕೋಡ್ ಕಂಡರೆ ಫೋನ್ ಮಾಡಿ ವಿಚಾರಿಸುತ್ತೇನೆ. ಒಂದೇ ವಠಾರದ ಎರಡು ಸಂಸಾರಗಳಿಗೆ ಇದರಿಂದ ಅನ್ಯಾಯವಾದದ್ದೂ ಉಂಟು. ಅವರು ನನ್ನನ್ನು ಪೊಲೀಸಮ್ಮ ಎಂದು ಕರೆಯುತ್ತಾರೆಂದು ಕೇಳಿದ್ದೇನೆ.

ಮುಂಗಡ ತೆಗೆದುಕೊಳ್ಳಿ, ಸುಮ್ಮನೆ ಹೆಸರು ಬರೆಸುವವರು ಉದುರಿಹೋಗುತ್ತಾರೆ ಎಂದು ಮಗ ಹೇಳುತ್ತಾನೆ. ಅವನ ಮಾದರಿ ವಾಲ್ವ್ ಕಂಪನಿಯ ಸ್ಟೀಮ್ ಡೆಕ್ ಎಂಬ ಆಟದ ಯಂತ್ರ. 2021ರ ಜುಲೈಯಲ್ಲಿ ಅದನ್ನು ಕಾಯ್ದಿರಿಸಲು ಐದು ಡಾಲರ್ ಇಡಬೇಕಿತ್ತು, ಬೇಡವೆಂದರೆ ಅದು ಮರಳುತ್ತಿತ್ತು. ಮೊದಲ 48 ಗಂಟೆ, ಅದೇ ವರ್ಷದ ಜೂನ್‌ಗೆ ಮೊದಲು ಅದೇ ಕಂಪನಿಯ ಸ್ಟೀಮ್ ಎಂಬ ಆನ್‌ಲೈನ್ ಅಂಗಡಿಯಲ್ಲಿ ಏನಾದರೂ ಕೊಂಡಿದ್ದವರಿಗಷ್ಟೇ ಅವಕಾಶವಿತ್ತು. ಈ ಎರಡನೆಯ ಷರತ್ತು ನನಗೆ ಹಿಡಿಸಿತು, ಬಾಟಲಿ ಬಾಚಿಕೊಳ್ಳಲೆಂದೇ ಹೊಸದಾಗಿ ಹುಟ್ಟಿಕೊಳ್ಳುವ ಖಾತೆಗಳನ್ನು ಅದು ಬಾಗಿಲಲ್ಲೇ ನಿಲ್ಲಿಸುತ್ತದೆ. ಹಾಗಾಗಿ ನಾನೂ ಪಟ್ಟಿಯನ್ನು ಮೊದಲ ಎರಡು ದಿನ ಹಳೆಯ ಗಿರಾಕಿಗಳಿಗೇ ತೆರೆದು, ನಂತರ ಎಲ್ಲರಿಗೂ ತೆರೆಯುತ್ತೇನೆ. ಮುಂಗಡ ಮಾತ್ರ ಬೇಡವೆಂದೆ. ಮಳೆಗಾಲದಲ್ಲಿ ಒಂದು ಭರಣಿಗೆ ಬೂಷ್ಟು ಹಿಡಿದರೆ ನೂರಾರು ಜನರ ಹಣ ಹಿಂದಿರುಗಿಸುತ್ತಾ ಕೂರುವ ತಾಳ್ಮೆ ನನಗಿಲ್ಲ. ಆ ಯಂತ್ರವೂ ಹೇಳಿದ ಸಮಯಕ್ಕೆ ಬರಲಿಲ್ಲ, ಎರಡು ತಿಂಗಳು ತಡವೆಂದು ಕಂಪನಿ ನವೆಂಬರಿನಲ್ಲಿ ತಿಳಿಸಿತು, ಆದರೆ ಸರದಿಯ ಕ್ರಮವನ್ನು ಮುರಿಯಲಿಲ್ಲ. ಕಳೆದ ವರ್ಷ ನನ್ನ ಒಂದು ಭರಣಿ ನಿಜವಾಗಿ ಕೆಟ್ಟಾಗ ಅದೇ ದಿನ, ಬಾಟಲಿ ಎಷ್ಟು ಕಡಿಮೆಯಾಯಿತು, ಈಗ ಯಾವ ಸಂಖ್ಯೆಯವರೆಗೆ ಖಚಿತ ಎಂಬುದನ್ನು ಪಟ್ಟಿಯವರಿಗೆಲ್ಲ ಬರೆದೆ.

ಈಗ ಆ ಫಾರ್ಮ್ಯಾಟ್. ಈ ವರ್ಷದ ಪ್ರಕಟಣೆ ಹೀಗಿತ್ತು:

"ಜೀರಿಗೆ ಅಪ್ಪೆಮಿಡಿಯ ಮೊದಲ ಕಂತು ಮುಗಿದಿದೆ. ಎರಡನೆಯ ಕಂತಿನ ಸುಮಾರು 170 ಬಾಟಲಿಗಳು ದೀಪಾವಳಿಯ ನಂತರ ಇದೇ ಬೆಲೆಗೆ ಸಿಗುತ್ತವೆ. ಕಾಯುವವರ ಪಟ್ಟಿ 225 ಹೆಸರುಗಳಿಗೆ ಮುಚ್ಚುತ್ತದೆ. ಮೊದಲ ಎರಡು ದಿನ ಹಿಂದೆ ನಮ್ಮಲ್ಲಿ ಕೊಂಡವರಿಗೆ ಮಾತ್ರ. ಮುಂಗಡ ಬೇಡ. ಒಂದು ವಿಳಾಸಕ್ಕೆ ಒಂದು ಬಾಟಲಿ, ಸರದಿಯನ್ನು ಬೇರೆಯವರಿಗೆ ಕೊಡುವಂತಿಲ್ಲ. ಸರದಿ ಬಂದಾಗ 48 ಗಂಟೆಯೊಳಗೆ ಹಣ ಕಳಿಸಬೇಕು. ಸಿಕ್ಕರೂ ಸಿಗದಿದ್ದರೂ ನವೆಂಬರ್ ಮುಗಿಯುವುದರೊಳಗೆ ತಿಳಿಸುತ್ತೇವೆ. ಪಟ್ಟಿ ತುಂಬಿದ್ದರೆ ಹೊಸ ಮಿಡಿಗೆ ಫೆಬ್ರವರಿಯಲ್ಲಿ ಕೇಳಿ."

ಕೊನೆಯಿಂದ ಎರಡನೆಯ ಸಾಲನ್ನು ಎಲ್ಲರೂ ನಕಲು ಮಾಡಿಕೊಳ್ಳುತ್ತಾರೆ, ಯಾರೂ ಪಾಲಿಸುವುದಿಲ್ಲ; ಸಿಗದವರಿಗೆ ಒಬ್ಬೊಬ್ಬರಿಗೂ ಬರೆಯುವುದು ನಿಜಕ್ಕೂ ಸಂಕಟದ ಕೆಲಸ. ಕಳೆದ ವರ್ಷ 198ನೆಯವರಿಗೆ ಇಲ್ಲವೆಂದು ಬರೆದಾಗ, "ಗೊತ್ತಿತ್ತು ಬಿಡಿ ಅಕ್ಕಾ, ಸಂಖ್ಯೆ ನೋಡಿದಾಗಲೇ ನಿಂಬೆಕಾಯಿ ಹಾಕಿಟ್ಟೆ" ಎಂಬ ಉತ್ತರ ಬಂತು. ಪ್ರಕಟಣೆಯನ್ನು ಬೇಕಾದವರು ಹಾಗೆಯೇ ತೆಗೆದುಕೊಳ್ಳಬಹುದು. 225 ಮಾತ್ರ ನನ್ನ ಭರಣಿಯ ಲೆಕ್ಕ, ನಿಮ್ಮದನ್ನು ನೀವೇ ಎಣಿಸಿಕೊಳ್ಳಿ.