ಮಲಗಿದ ವಾಲ್ವ್ ನೋಡನ್ನು ಎಬ್ಬಿಸುವುದು: ಲೋರಾ ನೀರಾವರಿ ಜಾಲದ ಪ್ರಗತಿ ಟಿಪ್ಪಣಿ

ಜಾಲದಲ್ಲಿರುವುದು ಇಷ್ಟು: ಬ್ಯಾಟರಿಯಲ್ಲಿ ನಡೆಯುವ 20 ವಾಲ್ವ್ ನೋಡ್‌ಗಳು, ಸಾಲುಗಳ ನಡುವೆ ಓಡಾಡುವ ಒಂದು ರೋಬೋಟ್, ಕಂಬದ ಮೇಲೊಂದು ಗೇಟ್‌ವೇ. ಎಲ್ಲ ಕಡೆ ರೇಡಿಯೊ, ಕಡಿಮೆ ವಿದ್ಯುತ್ತಿನಲ್ಲಿ ದೂರಕ್ಕೆ ತಲುಪುವ ಲೋರಾ ತಂತ್ರದ ಎಸ್‌ಎಕ್ಸ್1262 ಚಿಪ್. ತೇವಾಂಶದ ಅಳತೆಯನ್ನು ನೋಡ್‌ನಿಂದ ಗೇಟ್‌ವೇಗೆ ತಲುಪಿಸುವ ಭಾಗ ಮುಗಿದಿದೆ. ಅದು ಸುಲಭದ ದಿಕ್ಕು, ಏಕೆಂದರೆ ಗೇಟ್‌ವೇ ಯಾವಾಗಲೂ ಕೇಳುತ್ತಿರುತ್ತದೆ. ಈ ಹಂತದ ಕೆಲಸವೆಲ್ಲ ಎದುರು ದಿಕ್ಕಿನದು. ನಿದ್ದೆಯಲ್ಲಿರುವ ನೋಡ್‌ಗೆ "ಈಗ ತೆರೆ" ಎಂಬ ಆದೇಶ ಎರಡು ಮೂರು ಸೆಕೆಂಡಿನೊಳಗೆ ಮುಟ್ಟಬೇಕು, ಆದರೆ ಬ್ಯಾಟರಿ ಕರಗಬಾರದು.

ರೇಡಿಯೊ ಸದಾ ಕೇಳುತ್ತಾ ಕೂತರೆ ಸುಮಾರು 5 ಮಿಲಿಆಂಪ್ ಹೀರುತ್ತದೆ, ಅಂದರೆ ದಿನಕ್ಕೆ 120 ಮಿಲಿಆಂಪ್-ಗಂಟೆ. 2000 ಮಿಲಿಆಂಪ್-ಗಂಟೆಯ ಸೆಲ್ ಹದಿನೇಳನೆಯ ದಿನಕ್ಕೆ ಖಾಲಿ.

ಎರಡನೆಯ ದಾರಿ, ನೋಡ್ ತಾನೇ ನಿಮಿಷಕ್ಕೊಮ್ಮೆ ಎದ್ದು "ಏನಾದರೂ ಇದೆಯೇ" ಎಂದು ಕೇಳುವುದು. ಲೋರಾದ ಸ್ಪ್ರೆಡಿಂಗ್ ಫ್ಯಾಕ್ಟರ್, ಅಂದರೆ ಎಸ್‌ಎಫ್, ಹೆಚ್ಚಿದಷ್ಟೂ ಸಿಗ್ನಲ್ ದೂರ ಹೋಗುತ್ತದೆ, ಗಾಳಿಯಲ್ಲಿ ಹೆಚ್ಚು ಹೊತ್ತು ಇರುತ್ತದೆ. ಎಸ್‌ಎಫ್ 9, 125 ಕಿಲೋಹರ್ಟ್ಜ್‌ನಲ್ಲಿ 12 ಬೈಟಿನ ಪ್ಯಾಕೆಟ್ ಗಾಳಿಯಲ್ಲಿ 144 ಮಿಲಿಸೆಕೆಂಡು ಇರುತ್ತದೆ. 14 ಡಿಬಿಎಂ ಶಕ್ತಿಗೆ 45 ಮಿಲಿಆಂಪ್ ಎಂದು ಹಿಡಿದರೂ ಬರೀ ಕೇಳುವುದಕ್ಕೇ ಸರಾಸರಿ 108 ಮೈಕ್ರೊಆಂಪ್ ಹೋಗುತ್ತದೆ. 22 ಡಿಬಿಎಂಗೆ ಹೊಂದಿಸಿದ ಮಾಡ್ಯೂಲನ್ನು 14ಕ್ಕೆ ಇಳಿಸಿ ಬಳಸಿದರೆ ಖರ್ಚು ಇನ್ನೂ ಹೆಚ್ಚು. ಇಷ್ಟು ತೆತ್ತ ಮೇಲೂ ಆದೇಶ ಒಂದು ನಿಮಿಷ ತಡವಾಗಬಹುದು. ಜೊತೆಗೆ 20 ನೋಡ್‌ಗಳು ಸೇರಿ ಪ್ರತಿ ನಿಮಿಷದಲ್ಲಿ 2.9 ಸೆಕೆಂಡು ಚಾನೆಲ್ ತುಂಬಿಸುತ್ತವೆ, ಅದೂ ಬಹುಪಾಲು "ಏನೂ ಇಲ್ಲ" ಎಂಬ ಉತ್ತರಕ್ಕಾಗಿ. ಈ ದಾರಿಯನ್ನು ಕೈಬಿಡಲಾಗಿದೆ.

ಇಣುಕಿ ನೋಡಿ ಮಲಗುವುದು

ಉಳಿದದ್ದು ಚಿಪ್‌ನಲ್ಲೇ ಇರುವ ಕ್ಯಾಡ್, ಅಂದರೆ ಚಾನೆಲ್ ಚಟುವಟಿಕೆ ಪತ್ತೆ ಸೌಲಭ್ಯ. ಪ್ಯಾಕೆಟ್ ಬಿಡಿಸುವ ಗೋಜಿಗೆ ಹೋಗದೆ, ಚಾನೆಲ್‌ನಲ್ಲಿ ಚಿರ್ಪ್, ಅಂದರೆ ಆವರ್ತನ ಜಾರುತ್ತಾ ಹೋಗುವ ಲೋರಾ ಸಂಕೇತ, ಇದೆಯೇ ಇಲ್ಲವೇ ಎಂದಷ್ಟೇ ಅದು ಹೇಳುತ್ತದೆ. ಎಸ್‌ಎಫ್ 9ರಲ್ಲಿ ಒಂದು ಸಿಂಬಲ್, ಅಂದರೆ ಒಂದು ಚಿರ್ಪ್, 4.096 ಮಿಲಿಸೆಕೆಂಡು. ನಾಲ್ಕು ಸಿಂಬಲ್ ಕಾಲ ಇಣುಕಿದರೆ 16 ಮಿಲಿಸೆಕೆಂಡು, ಕ್ರಿಸ್ಟಲ್ ಎದ್ದು ನಿಲ್ಲುವ ಸಮಯ ಸೇರಿಸಿ ಸುಮಾರು 20. ಆ ಹೊತ್ತಿನಲ್ಲಿ ಇಡೀ ಬೋರ್ಡು 6 ಮಿಲಿಆಂಪ್ ಎಳೆಯುತ್ತದೆ ಎಂದುಕೊಂಡರೆ, ಎರಡು ಸೆಕೆಂಡಿಗೊಮ್ಮೆ ಇಣುಕುವುದರ ಸರಾಸರಿ 60 ಮೈಕ್ರೊಆಂಪ್. ನಿದ್ದೆಯ 5 ಸೇರಿ 65. ದಿನಕ್ಕೆ 1.56 ಮಿಲಿಆಂಪ್-ಗಂಟೆ. ಅದೇ ಸೆಲ್ ಲೆಕ್ಕದ ಮೇಲೆ ಮೂರೂವರೆ ವರ್ಷ ಬರುತ್ತದೆ. ಅಷ್ಟರೊಳಗೆ ಸೆಲ್ಲಿನ ಸ್ವಯಂ ಸೋರಿಕೆಯೇ ದೊಡ್ಡ ಖರ್ಚಾಗಿರಬಹುದು.

ಇದು ನಡೆಯಬೇಕಾದರೆ ಗೇಟ್‌ವೇ ಕಳಿಸುವ ಆದೇಶದ ಪ್ರಿಯಾಂಬಲ್, ಅಂದರೆ ಡೇಟಾಕ್ಕೆ ಮುಂಚೆ ಬರುವ ಒಂದೇ ತೆರನ ಚಿರ್ಪ್‌ಗಳ ಸಾಲು, ನೋಡ್ ಮಲಗುವ ಅವಧಿಗಿಂತ ಉದ್ದವಾಗಿರಬೇಕು. ಆಗ ನೋಡ್ ಯಾವ ಕ್ಷಣದಲ್ಲಿ ಎದ್ದರೂ ಪ್ರಿಯಾಂಬಲ್‌ನ ಯಾವುದೋ ಒಂದು ತುಣುಕು ಅದಕ್ಕೆ ಸಿಗುತ್ತದೆ. ಮೊದಲ ವಿನ್ಯಾಸದಲ್ಲಿ 540 ಸಿಂಬಲ್, ಅಂದರೆ 2.21 ಸೆಕೆಂಡು ಇತ್ತು. ಎರಡು ಸೆಕೆಂಡಿನ ನಿದ್ದೆಗೆ ಶೇ. 10ರಷ್ಟು ಮಾತ್ರ ಹೆಚ್ಚು. ನೋಡ್ ತನ್ನ ನಿದ್ದೆಯನ್ನು ಮೈಕ್ರೊಕಂಟ್ರೋಲರಿನೊಳಗಿನ ಆರ್‌ಸಿ ಗಡಿಯಾರದಿಂದ ಎಣಿಸುತ್ತಿದ್ದರೆ ಈ ಅಂತರ ಸಾಲದು. ಡಬ್ಬಿ ಬಿಸಿಲಿಗೆ ಕಾದಾಗ ಆ ಗಡಿಯಾರ ಜಾರುತ್ತದೆ. ಲಕ್ಷಣ ಸ್ಪಷ್ಟ: ಬೆಳಿಗ್ಗೆ ಎಲ್ಲ ಆದೇಶವೂ ಮುಟ್ಟುತ್ತದೆ, ಮಧ್ಯಾಹ್ನ ಆಗೊಮ್ಮೆ ಈಗೊಮ್ಮೆ ತಪ್ಪುತ್ತದೆ, ಸಿಗ್ನಲ್ ಮಾತ್ರ ಎರಡು ಹೊತ್ತೂ ಚೆನ್ನಾಗಿರುತ್ತದೆ. ಆದ್ದರಿಂದ ನಿದ್ದೆಯ ಎಣಿಕೆ ಈಗ 32.768 ಕಿಲೋಹರ್ಟ್ಜ್ ಕ್ರಿಸ್ಟಲ್ ಮೇಲಿದೆ. ಕ್ರಿಸ್ಟಲ್ ಇಲ್ಲದ ಬೋರ್ಡನ್ನು ಈ ಕೆಲಸಕ್ಕೆ ಆರಿಸಬೇಡಿ.

ರೋಬೋಟ್ ಮಾಡುವ ಗದ್ದಲ

ರೋಬೋಟ್ ತನ್ನ ಸ್ಥಾನ, ಬ್ಯಾಟರಿ, ದೋಷಸಂಖ್ಯೆಗಳನ್ನು 12 ಬೈಟಿಗೆ ತುಂಬಿ ಐದು ಸೆಕೆಂಡಿಗೊಮ್ಮೆ ಕಳಿಸುತ್ತದೆ. ಅದೂ ಅದೇ ಆವರ್ತನದಲ್ಲಿ, ಅದೇ ಎಸ್‌ಎಫ್ 9ರಲ್ಲಿ ಇದ್ದರೆ ವಾಲ್ವ್‌ಗಳ ಬ್ಯಾಟರಿ ಲೆಕ್ಕ ಬುಡಮೇಲಾಗುತ್ತದೆ.

ಜಾಲವನ್ನು ಗುರುತಿಸುವ ಸಿಂಕ್ ವರ್ಡ್ ಬೇರೆ ಇಟ್ಟರೆ ನೋಡ್‌ಗಳು ರೋಬೋಟಿನ ಪ್ಯಾಕೆಟ್ಟಿಗೆ ಏಳುವುದಿಲ್ಲ ಎಂಬ ಭಾವನೆ ಸಾಮಾನ್ಯ. ಆದರೆ ಕ್ಯಾಡ್ ಸಿಂಕ್ ವರ್ಡನ್ನು ನೋಡುವುದೇ ಇಲ್ಲ. ಎಸ್‌ಎಕ್ಸ್126x ಸರಣಿಯಲ್ಲಂತೂ ಪ್ರಿಯಾಂಬಲ್ ಮಾತ್ರವಲ್ಲ, ಪ್ಯಾಕೆಟ್ಟಿನ ಒಳಗಿನ ಡೇಟಾ ಸಿಂಬಲ್‌ಗಳೂ ಅದಕ್ಕೆ ಚಿರ್ಪ್ ಆಗಿಯೇ ಕಾಣುತ್ತವೆ. ಹಾಗಾಗಿ ಇಣುಕುವ 16 ಮಿಲಿಸೆಕೆಂಡು, ರೋಬೋಟಿನ 144 ಮಿಲಿಸೆಕೆಂಡಿನ ಎಲ್ಲಿ ತಾಗಿದರೂ ನೋಡ್ ಎಚ್ಚರಗೊಳ್ಳುತ್ತದೆ. ಐದು ಸೆಕೆಂಡಿನಲ್ಲಿ 160 ಮಿಲಿಸೆಕೆಂಡು, ಅಂದರೆ ನೂರು ಇಣುಕಿನಲ್ಲಿ ಮೂರಕ್ಕಿಂತ ಸ್ವಲ್ಪ ಹೆಚ್ಚು.

ಮೂರು ಕಡಿಮೆ ಎನಿಸಬಹುದು, ಆದರೆ ಪ್ರತಿ ಸುಳ್ಳು ಎಚ್ಚರದ ಬೆಲೆ ನೋಡಿ. ನೋಡ್ ಆದೇಶಕ್ಕಾಗಿ 2.4 ಸೆಕೆಂಡು ಪೂರ್ತಿ ಕಾದು, ಏನೂ ಬಾರದೆ ಮಲಗುತ್ತದೆ. ಅದು 14.4 ಮಿಲಿಆಂಪ್-ಸೆಕೆಂಡು. ಒಂದು ಇಣುಕಿನ ಖರ್ಚು 0.12 ಮಾತ್ರ. ಶೇ. 3.2ರಂತೆ ಹಂಚಿದರೆ ಪ್ರತಿ ಇಣುಕಿಗೆ 0.46 ಹೆಚ್ಚುವರಿ ಬೀಳುತ್ತದೆ. ಸರಾಸರಿ 65 ಮೈಕ್ರೊಆಂಪ್‌ನಿಂದ 295ಕ್ಕೆ ಜಿಗಿಯುತ್ತದೆ, ಮೂರೂವರೆ ವರ್ಷದ ಸೆಲ್ ಒಂಬತ್ತು ತಿಂಗಳಿಗೆ ಇಳಿಯುತ್ತದೆ. ಮೇಜಿನ ಮೇಲೆ ಒಂದೇ ನೋಡ್ ಇಟ್ಟು ಅಳೆದರೆ ಇದು ಕಾಣುವುದೇ ಇಲ್ಲ, ಏಕೆಂದರೆ ಅಲ್ಲಿ ರೋಬೋಟ್ ಓಡುತ್ತಿರುವುದಿಲ್ಲ. ಪ್ರತಿ ನೋಡ್ ತನ್ನ ಸುಳ್ಳು ಎಚ್ಚರಗಳನ್ನು ಎಣಿಸಿ ದಿನದ ವರದಿಯಲ್ಲಿ ಎರಡು ಬೈಟಾಗಿ ಕಳಿಸುವಂತೆ ಮಾಡಿರುವುದು ಇದಕ್ಕಾಗಿಯೇ. ಆ ಸಂಖ್ಯೆ ರೋಬೋಟ್ ಓಡುವ ದಿನ ಏರಿ, ನಿಂತ ದಿನ ಇಳಿದರೆ ಬೇರೆ ಪುರಾವೆ ಬೇಡ.

ಪರಿಹಾರ ಎರಡು, ಎರಡೂ ಅಳವಡಿಕೆಯಾಗಿವೆ. ಮೊದಲನೆಯದು, ರೋಬೋಟನ್ನು ಎಸ್‌ಎಫ್ 7ಕ್ಕೆ ಮತ್ತು ಬೇರೆ ಆವರ್ತನಕ್ಕೆ ಸರಿಸುವುದು. ಎಸ್‌ಎಫ್ ಮಾತ್ರ ಬದಲಿಸಿದರೆ ಸಾಲದು. ಎರಡು ಎಸ್‌ಎಫ್‌ಗಳ ನಡುವಿನ ಬೇರ್ಪಡೆ ಪರಿಪೂರ್ಣವಲ್ಲ, ರೋಬೋಟ್ ನೋಡ್‌ನ ಪಕ್ಕದಲ್ಲೇ ಹಾದುಹೋಗುವಾಗ ಅದರ ಸಿಗ್ನಲ್ ವಿಪರೀತ ಬಲವಾಗಿರುತ್ತದೆ. ಎಸ್‌ಎಫ್ 7ರಲ್ಲಿ ಅದೇ 12 ಬೈಟು 41 ಮಿಲಿಸೆಕೆಂಡಿಗೆ ಮುಗಿಯುತ್ತದೆ, ಐದು ಸೆಕೆಂಡಿಗೊಮ್ಮೆ ಎಂದರೆ ಶೇ. 0.82. ಗಾಳಿಯಲ್ಲಿರುವ ಸಮಯಕ್ಕೆ ಶೇ. 1ರ ಮಿತಿ ಇರುವ ಬ್ಯಾಂಡಿನಲ್ಲೂ ಇದು ನಿಲ್ಲುತ್ತದೆ. ಸೆಕೆಂಡಿಗೊಂದು ಕಳಿಸುವ ಆಸೆ ಇದ್ದರೆ ಅಲ್ಲಿ ನಿಲ್ಲದು.

ಎರಡನೆಯದು, ಚಿರ್ಪ್ ಕಂಡೊಡನೆ ಕೂತು ಕೇಳುವ ಬದಲು 200 ಮಿಲಿಸೆಕೆಂಡು ಮಲಗಿ ಮತ್ತೊಮ್ಮೆ ಇಣುಕುವುದು. ಸಾಮಾನ್ಯ ಪ್ಯಾಕೆಟ್ ಅಷ್ಟರಲ್ಲಿ ಮುಗಿದಿರುತ್ತದೆ, ಉದ್ದ ಪ್ರಿಯಾಂಬಲ್ ಮುಗಿದಿರುವುದಿಲ್ಲ. ಆದರೆ 540 ಸಿಂಬಲ್‌ನಲ್ಲಿ ಇದು ಅಂಚಿಗೆ ಬರುತ್ತದೆ. ನೋಡ್ ಪ್ರಿಯಾಂಬಲ್ಲನ್ನು ತೀರಾ ತಡವಾಗಿ ಕಂಡರೆ ಉಳಿದಿರುವುದು 212 ಮಿಲಿಸೆಕೆಂಡು, ಎರಡನೆಯ ಇಣುಕಿಗೆ ಬೇಕಿರುವುದು 216. ಅದಕ್ಕಾಗಿ ಪ್ರಿಯಾಂಬಲ್ ಈಗ 600 ಸಿಂಬಲ್, 2.46 ಸೆಕೆಂಡು. ಕೊನೆಯ ಗಳಿಗೆಯಲ್ಲಿ ಕಂಡರೂ 450 ಮಿಲಿಸೆಕೆಂಡಿನಷ್ಟು ಉಳಿದಿರುತ್ತದೆ.

```cpp
radio.begin(F_VALVE, 125.0, 9, 5, 0x12, 14, 600);

bool realCall() {
  if (radio.scanChannel() != RADIOLIB_LORA_DETECTED)
    return false;
  stopMode(200);   // ms
  return radio.scanChannel() == RADIOLIB_LORA_DETECTED;
}
```

`stopMode` ನಿಮ್ಮ ಮೈಕ್ರೊಕಂಟ್ರೋಲರಿನ ನಿದ್ದೆಯ ಕಾರ್ಯ, ಉಳಿದದ್ದು ರೇಡಿಯೋಲಿಬ್. 600 ಎಂಬ ಸಂಖ್ಯೆ ಎರಡೂ ಕಡೆ ಒಂದೇ ಇರಲಿ.

ಒಂದು ಆದೇಶಕ್ಕೆ ಇಪ್ಪತ್ತೂ ನೋಡ್‌ಗಳು ಏಳುತ್ತವೆ, ವಿಳಾಸ ತಿಳಿಯುವುದು ಪ್ಯಾಕೆಟ್ ಬಂದ ಮೇಲಷ್ಟೇ. ವಾಲ್ವ್‌ಗೆ ದಿನಕ್ಕೆ ನಾಲ್ಕು ಆದೇಶದಂತೆ 80 ಸಲ, ಪ್ರತಿ ಸಲ ಸರಾಸರಿ 1.35 ಸೆಕೆಂಡು ಕೇಳುವುದು ಸೇರಿ ದಿನಕ್ಕೆ 0.18 ಮಿಲಿಆಂಪ್-ಗಂಟೆ. ಇದನ್ನು ಉಳಿಸಲು ಹೋಗುವ ಅಗತ್ಯವಿಲ್ಲ.

ವಾಲ್ವ್ ತೆರೆದಾಗ ನಿಲ್ಲುವ ರೋಬೋಟ್

ಈಗ ಒಂದು ಆದೇಶ ಗಾಳಿಯಲ್ಲಿ 2.57 ಸೆಕೆಂಡು ಇರುತ್ತದೆ. ಶೇ. 1ರ ಮಿತಿಯಲ್ಲಿ ಗಂಟೆಗೆ 36 ಸೆಕೆಂಡು, ಅಂದರೆ 14 ಆದೇಶ. ಸರದಿ ಹಾಕುವಾಗ ಇದು ನೆನಪಿರಬೇಕು.

ಇನ್ನೊಂದು ಪರಿಣಾಮ ಅಷ್ಟು ಬೇಗ ಹೊಳೆಯುವುದಿಲ್ಲ. ರೇಡಿಯೊ ಮಾತಾಡುವಾಗ ಕೇಳಲಾರದು. ಆ 2.57 ಸೆಕೆಂಡು ಗೇಟ್‌ವೇಗೆ ರೋಬೋಟಿನ ಪ್ಯಾಕೆಟ್ ಸಿಗದು, ಅದಕ್ಕೆ ಮರುತ್ತರವೂ ಹೋಗದು. ಮರುತ್ತರ ಒಮ್ಮೆ ತಪ್ಪಿದರೆ ನಿಲ್ಲುವಂತೆ ರೋಬೋಟಿಗೆ ಹೇಳಿದ್ದರೆ, ನೀರು ಬಿಟ್ಟಾಗಲೆಲ್ಲ ರೋಬೋಟ್ ನಿಲ್ಲುವ ಸಾಧ್ಯತೆ ಅರ್ಧಕ್ಕಿಂತ ಹೆಚ್ಚು. ನೋಡುವವರಿಗೆ ಅದು ಮೋಟಾರಿನ ದೋಷದಂತೆ ಕಾಣುತ್ತದೆ. ಹೀಗಾಗಿ ಕಂಬದಲ್ಲಿ ರೋಬೋಟಿಗೆಂದೇ ಎರಡನೆಯ ಎಸ್‌ಎಕ್ಸ್1262 ಬಂದಿದೆ. ಎರಡು ಆಂಟೆನಾಗಳನ್ನು ಅಕ್ಕಪಕ್ಕ ಕಟ್ಟದೆ ಒಂದರ ನೇರ ಕೆಳಗೆ ಇನ್ನೊಂದನ್ನು ಇಡಲಾಗಿದೆ. ನೆಟ್ಟಗೆ ನಿಂತ ಆಂಟೆನಾ ತನ್ನ ಅಕ್ಷದ ದಿಕ್ಕಿಗೆ ಬಹಳ ಕಡಿಮೆ ಸೂಸುತ್ತದೆ, ಆದ್ದರಿಂದ ಒಂದು ಕೂಗುವಾಗ ಇನ್ನೊಂದರ ಕಿವಿ ಅಷ್ಟಾಗಿ ಮುಚ್ಚುವುದಿಲ್ಲ.

ಇಷ್ಟಾದರೂ ರೋಬೋಟ್ ನಿಲ್ಲುವುದು ಸತತ ಮೂರು ಮರುತ್ತರ ತಪ್ಪಿದ ಮೇಲೆ, ಅಂದರೆ 15 ಸೆಕೆಂಡಿನ ನಂತರ. ಸೆಕೆಂಡಿಗೆ 0.4 ಮೀಟರ್ ವೇಗದಲ್ಲಿ ಅದು 6 ಮೀಟರ್ ಮುಂದೆ ಹೋಗಿರುತ್ತದೆ. ಹಾಗಾಗಿ ಲೋರಾ ಕೊಂಡಿಯನ್ನು ತುರ್ತು ನಿಲುಗಡೆ ಎಂದು ಎಣಿಸಲೇಬಾರದು. ಬಂಪರ್ ಸ್ವಿಚ್ಚೂ ಕೆಂಪು ಗುಂಡಿಯೂ ರೋಬೋಟಿನ ಮೇಲೆಯೇ ಇದ್ದು, ಮೋಟಾರಿನ ವಿದ್ಯುತ್ತನ್ನು ನೇರವಾಗಿ ಕಡಿಯಬೇಕು.

ವಾಲ್ವ್ ಕಡೆಗೂ ಇದೇ ನಿಯಮ. ಆದೇಶದಲ್ಲಿ "ತೆರೆ" ಎಂದಷ್ಟೇ ಇಲ್ಲ, ನೋಡ್ ಸಂಖ್ಯೆ, ಆದೇಶದ ಕ್ರಮಸಂಖ್ಯೆ, ಎಷ್ಟು ನಿಮಿಷ ಎಂಬುದೂ ಇದೆ. ಸಮಯ ಮುಗಿದಾಗ ನೋಡ್ ಯಾರ ಅಪ್ಪಣೆಗೂ ಕಾಯದೆ ಮುಚ್ಚುತ್ತದೆ. ಗೇಟ್‌ವೇಗೆ ಸ್ವೀಕೃತಿ ಸಿಗದೆ ಅದೇ ಆದೇಶ ಮತ್ತೆ ಬಂದರೆ, ಕ್ರಮಸಂಖ್ಯೆ ಹಳೆಯದೆಂದು ಕಂಡು ನೋಡ್ ಸ್ವೀಕೃತಿಯನ್ನು ಮಾತ್ರ ಮತ್ತೆ ಕಳಿಸುತ್ತದೆ. ಈ ತಪಾಸಣೆ ಇಲ್ಲದಿದ್ದರೆ 20 ನಿಮಿಷದ ಎಣಿಕೆ ಪ್ರತಿ ಸಲವೂ ಮೊದಲಿನಿಂದ ಶುರುವಾಗಿ ತಾಕು ಕೆಸರಾಗುತ್ತದೆ.

ವಾಲ್ವನ್ನು ತಿರುಗಿಸುವ ಲ್ಯಾಚಿಂಗ್ ಸೊಲೆನಾಯ್ಡ್, ಅಂದರೆ ಒಂದು ಪಲ್ಸ್ ಸಿಕ್ಕರೆ ಸ್ಥಿತಿ ಬದಲಿಸಿ ಅಲ್ಲೇ ನಿಲ್ಲುವ ವಿದ್ಯುತ್ಕಾಂತ, ತಾನು ತಿರುಗಿದೆನೋ ಇಲ್ಲವೋ ಎಂದು ಹೇಳುವುದಿಲ್ಲ. ಸ್ವೀಕೃತಿ ಬಂದಿದೆ ಎಂದರೆ ಪಲ್ಸ್ ಕೊಟ್ಟಾಗಿದೆ ಎಂದಷ್ಟೇ ಅರ್ಥ. ನೀರು ಹರಿಯಿತೇ ಎಂಬುದಕ್ಕೆ ಹರಿವು ಮಾಪಕದ ಪಲ್ಸ್ ಎಣಿಕೆಯನ್ನು ಅರ್ಧ ನಿಮಿಷದ ನಂತರ ಬೇರೆ ಪ್ಯಾಕೆಟ್ಟಿನಲ್ಲಿ ಕಳಿಸಲಾಗುತ್ತಿದೆ. ಸೊಲೆನಾಯ್ಡಿನ 4700 ಮೈಕ್ರೊಫ್ಯಾರಡ್ ಕೆಪಾಸಿಟರನ್ನು ಬೂಸ್ಟ್ ಪರಿವರ್ತಕ 12 ವೋಲ್ಟಿಗೆ ತುಂಬುವಾಗ ಬ್ಯಾಟರಿ ವೋಲ್ಟೇಜ್ ಕುಸಿಯುತ್ತದೆ. ಆಗಲೇ ರೇಡಿಯೊ ಕಳಿಸಲು ಹೊರಟರೆ ಬೋರ್ಡು ರೀಸೆಟ್ ಆಗುತ್ತದೆ. ಆದ್ದರಿಂದ ಕ್ರಮ ಹೀಗಿದೆ: ಮೊದಲು ಕೆಪಾಸಿಟರ್ ತುಂಬು, ಬೂಸ್ಟ್ ನಿಲ್ಲಿಸು, ಪಲ್ಸ್ ಕೊಡು, ಆಮೇಲೆ ಸ್ವೀಕೃತಿ.

ಬಾಕಿ ಇರುವುದು ಬೆಳೆ ಎತ್ತರವಾದಾಗಿನ ಅಳತೆ. ಎಸ್‌ಎಫ್ 9 ಸಿಗ್ನಲ್-ಗದ್ದಲ ಅನುಪಾತ ಮೈನಸ್ 12.5 ಡೆಸಿಬೆಲ್‌ವರೆಗೆ ಬಿಡಿಸಬಲ್ಲದು. ಈಗಲೇ ಮೈನಸ್ 2.5ಕ್ಕಿಂತ ಕೆಳಗಿರುವ ನೋಡ್‌ಗಳ ಆಂಟೆನಾವನ್ನು ಬೆಳೆಯ ತುದಿಗಿಂತ ಮೇಲಕ್ಕೆ ಏರಿಸಲು ಕೊಳವೆಗಳನ್ನು ನೆಡಬೇಕಿದೆ. ಹಸಿ ಎಲೆ ಕಸಿದುಕೊಳ್ಳುವ ಸಿಗ್ನಲ್‌ಗೆ ಕನಿಷ್ಠ 10 ಡೆಸಿಬೆಲ್ ಕೈಯಲ್ಲಿರಬೇಕು.